ಪಾಡ್‌ಕಾಸ್ಟ್ ಬರಹರೂಪ | ಹಳೇ ಅಪಾರ್ಟ್‌ಮೆಂಟಿನ ಸ್ಟ್ರಕ್ಚರಲ್ ರಿಪೋರ್ಟ್ ಬಂದಿದೆಯಾ? ಫೋಟೋ ಬಿಡಿ, ಪಿಲ್ಲರ್ ನಂಬರ್ ಹಿಡೀರಿ

(ಬೆಂಗಳೂರು ದಕ್ಷಿಣದ ಹಳೇ ಕಟ್ಟಡಗಳನ್ನು ಪರೀಕ್ಷೆ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತುಗಳ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಇವತ್ತು ಒಂದು ಪಿಡಿಎಫ್ ಬಗ್ಗೆ ಮಾತಾಡೋಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆ 30–40 ವರ್ಷದ ಹಳೇ ಅಪಾರ್ಟ್‌ಮೆಂಟುಗಳು ಬಹಳ ಇವೆ. ಅಂಥ ಕಡೆ ಅಸೋಸಿಯೇಷನ್‌ನವರು ಒಂದು ದಿನ ಎಂಜಿನಿಯರ್ ಕರೆಸಿ ಪರೀಕ್ಷೆ ಮಾಡಿಸ್ತಾರೆ. ತಿಂಗಳಾದ ಮೇಲೆ ವಾಟ್ಸಾಪ್ ಗ್ರೂಪಿಗೆ ಎಂಬತ್ತು–ತೊಂಬತ್ತು ಪುಟದ ಫೈಲ್ ಒಂದು ಬಂದು ಬೀಳುತ್ತೆ. ಮನೆಯಲ್ಲಿ ಅಪ್ಪ ಅಮ್ಮ ಅದನ್ನ ನಿಮಗೆ ಫಾರ್ವರ್ಡ್ ಮಾಡಿ, ‘ಏನು ಬರೆದಿದ್ದಾರೆ ಸ್ವಲ್ಪ ನೋಡು’ ಅಂತಾರೆ. ನೀವು ಫೋಟೋಗಳನ್ನ ಸ್ಕ್ರೋಲ್ ಮಾಡ್ತೀರಿ, ಕೊನೇ ಪುಟದಲ್ಲಿ ಖರ್ಚು ಎಷ್ಟು ಅಂತ ನೋಡ್ತೀರಿ, ಮುಚ್ಚಿಡ್ತೀರಿ.

ಆ ಎರಡರ ನಡುವೆ ಇರೋದನ್ನ ಹೇಗೆ ಓದಬೇಕು ಅನ್ನೋದೇ ಇವತ್ತಿನ ವಿಷಯ. ಕಟ್ಟಡದ ನಿಜವಾದ ಸುದ್ದಿ ಇರೋದು ಅಲ್ಲೇ.

2021ರ ಸೆಪ್ಟೆಂಬರ್ 27ನ್ನ ನಿಮ್ಮಲ್ಲಿ ಕೆಲವರು ನೆನಪಿಟ್ಟುಕೊಂಡಿರಬಹುದು. ವಿಲ್ಸನ್ ಗಾರ್ಡನ್ ಪಕ್ಕದ ಲಕ್ಕಸಂದ್ರದಲ್ಲಿ ಮೆಟ್ರೋ ಕಾರ್ಮಿಕರು ವಾಸವಿದ್ದ ಮೂರು ಅಂತಸ್ತಿನ ಹಳೇ ಕಟ್ಟಡ ಕುಸಿದು ಬಿತ್ತು. ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಮಾರನೇ ದಿನವೇ ಡೇರಿ ಸರ್ಕಲ್ ಹತ್ತಿರ ಹಾಲು ಒಕ್ಕೂಟದ ನೌಕರರ ವಸತಿಗೃಹದ ಕಟ್ಟಡವೂ ಬಿತ್ತು. ಎರಡೂ ಕಡೆ ಜನ ಮೊದಲೇ ಹೊರಗೆ ಬಂದಿದ್ದರಿಂದ ಜೀವ ಹೋಗಲಿಲ್ಲ. ಆಮೇಲೆ ಪಾಲಿಕೆ ಶಿಥಿಲ ಕಟ್ಟಡಗಳ ಸಮೀಕ್ಷೆಗೆ ಇಳೀತು, ಎಷ್ಟೋ ಅಸೋಸಿಯೇಷನ್‌ಗಳಿಗೆ ‘ನಮ್ಮದನ್ನೂ ಒಮ್ಮೆ ತೋರಿಸೋಣ’ ಅನ್ನಿಸ್ತು.

ತೋರಿಸಿದ್ದು ಸರಿ. ಆದರೆ ರಿಪೋರ್ಟ್ ಕೈಗೆ ಬಂದ ಮೇಲೂ ಸರಿಯಾಗಿ ಓದದೇ ಹೋದರೆ ಏನಾಗಬಹುದು ಅನ್ನೋದಕ್ಕೆ ಅದೇ ವರ್ಷದ ಇನ್ನೊಂದು ಘಟನೆ ಇದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಫ್‌ಸೈಡ್ ಅನ್ನೋ ಊರಲ್ಲಿ ಚಾಂಪ್ಲೈನ್ ಟವರ್ಸ್ ಸೌತ್ ಅಂತ 12 ಅಂತಸ್ತಿನ ಕಾಂಕ್ರೀಟ್ ಅಪಾರ್ಟ್‌ಮೆಂಟ್ ಇತ್ತು. 2021ರ ಜೂನ್ 24ರ ನಡುರಾತ್ರಿ ಅದರ ದೊಡ್ಡ ಭಾಗ ಕುಸಿದು 98 ಜನ ಸತ್ತರು. ಆ ಕಟ್ಟಡದ ರಿಪೋರ್ಟ್ 2018ರಲ್ಲೇ ಬಂದಿತ್ತು. ಈಜುಕೊಳದ ಸುತ್ತಲಿನ ಜಾಗದ ಕೆಳಗಿರೋ ಸ್ಲ್ಯಾಬಿಗೆ ನೀರಿಳಿದು ದೊಡ್ಡ ಮಟ್ಟದ ಹಾನಿ ಆಗಿದೆ ಅಂತ ಎಂಜಿನಿಯರ್ ಅದರಲ್ಲಿ ಬರೆದಿದ್ದರು. ಆದರೆ ಬಾಲ್ಕನಿ, ಕಿಟಕಿ, ಗೋಡೆಯ ಬಿರುಕುಗಳ ಜೊತೆ ಅದೂ ಒಂದಾಗಿ ಬಂದಿತ್ತು. ಕಟ್ಟಡ ಬೀಳಬಹುದು ಅನ್ನೋ ಎಚ್ಚರಿಕೆ ಎಲ್ಲೂ ಇರಲಿಲ್ಲ. ದೊಡ್ಡ ರಿಪೇರಿಗೆ ಹಣ ಹೊಂದಿಸೋ ವಿಷಯದಲ್ಲಿ ಮನೆ ಮಾಲೀಕರ ನಡುವೆ ಚರ್ಚೆ ನಡೀತಾನೇ ಇತ್ತು, ಅಷ್ಟರಲ್ಲಿ ಕಟ್ಟಡ ಹೋಯ್ತು. ಆಮೇಲೆ ತನಿಖೆ ಮಾಡಿದವರಿಗೆ ಇನ್ನೊಂದು ವಿಷಯ ಗೊತ್ತಾಯ್ತು. ಆ ಜಾಗದ ಸ್ಲ್ಯಾಬು ಮೂಲ ವಿನ್ಯಾಸದಲ್ಲೇ ಅಲ್ಲಿನ ನಿಯಮ ಕೇಳುವಷ್ಟು ಗಟ್ಟಿ ಇರಲಿಲ್ಲವಂತೆ. ಇದನ್ನ ಕಣ್ಣಲ್ಲಿ ನೋಡಿ, ಫೋಟೋ ತೆಗೆದು ಕಂಡುಹಿಡಿಯೋಕಾಗಲ್ಲ. ಕೂತು ಲೆಕ್ಕ ಹಾಕಬೇಕು.

ಈ ಎರಡು ಮಾತು ತಲೆಯಲ್ಲಿಟ್ಟುಕೊಳ್ಳಿ: ದೊಡ್ಡ ಸುದ್ದಿ ಸಣ್ಣ ಸುದ್ದಿಗಳ ನಡುವೆ ಕೂತಿರಬಹುದು, ಮತ್ತೆ ಕಣ್ಣಿಗೆ ಕಾಣದ್ದು ಲೆಕ್ಕದಲ್ಲಿ ಸಿಗುತ್ತೆ.

ಒಂದು ಕಟ್ಟಡ ಅಂತ ಇಟ್ಕೊಳ್ಳೋಣ

ಬರೀ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ. ಅದಕ್ಕೆ ಒಂದು ಉದಾಹರಣೆ ಕಟ್ಟಡ ತಗೊಳ್ಳೋಣ. ಇದು ಯಾರದೋ ಒಂದು ಕಟ್ಟಡ ಅಲ್ಲ, ಈ ಭಾಗದಲ್ಲಿ ಮತ್ತೆ ಮತ್ತೆ ಕಾಣೋದನ್ನ ಸೇರಿಸಿ ನಾನೇ ಮಾಡಿಕೊಂಡದ್ದು. ಅಂಕಿಗಳೂ ಲೆಕ್ಕ ಅರ್ಥ ಆಗಲಿ ಅಂತ ಇಟ್ಟಿದ್ದು.

ಜೆ.ಪಿ. ನಗರ. 1988ರಲ್ಲಿ ಕಟ್ಟಿದ್ದು. ಕೆಳಗೆ ಪಿಲ್ಲರ್‌ಗಳ ಮೇಲೆ ನಿಂತ ಪಾರ್ಕಿಂಗ್, ಮೇಲೆ ಮೂರು ಅಂತಸ್ತು, 12 ಮನೆ. 2005ರಲ್ಲಿ ಟೆರೇಸ್ ಮೇಲೆ ಒಂದು ರೂಮು ಎಬ್ಬಿಸಿದ್ದಾರೆ, ಅದರ ತಲೆ ಮೇಲೆ ನೀರಿನ ಟ್ಯಾಂಕು ಕೂರಿಸಿದ್ದಾರೆ. ಪರೀಕ್ಷೆ ನಡೆದದ್ದು 2024ರಲ್ಲಿ, ಅಂದ್ರೆ ಕಟ್ಟಡಕ್ಕೆ 36 ವರ್ಷ.

ಅಸೋಸಿಯೇಷನ್ ಎಂಜಿನಿಯರನ್ನ ಕರೆಸಿದ್ದು ಎರಡನೇ ಮಹಡಿಯ ಒಂದು ಮನೆಯ ಸಲುವಾಗಿ. ಆ ಮನೆಯ ಬಾತ್‌ರೂಮಿನ ಸೀಲಿಂಗ್‌ನಿಂದ ಕಾಂಕ್ರೀಟ್ ಚೂರು ಉದುರಿ, ಒಳಗಿನ ಕಂಬಿ ಕೆಂಪಗೆ ಕಾಣ್ತಿದೆ. ನೋಡೋಕೇ ಭಯ. ಎಂಜಿನಿಯರ್ ಅದರ ಫೋಟೋ ತೆಗೆದುಕೊಂಡು ಪಾರ್ಕಿಂಗಿಗೆ ಇಳಿದು, ಸಂಪಿನ ಪಕ್ಕದ ಒಂದು ಪಿಲ್ಲರ್ ಹತ್ತಿರ ಅರ್ಧ ದಿನ ಕೂತರೆ ಆ ಮನೆಯ ಆಂಟಿ ಏನಂತಾರೆ? ‘ಅಲ್ಲಪ್ಪಾ, ನಮ್ಮನೆ ಸೀಲಿಂಗ್ ತಲೆ ಮೇಲೆ ಬೀಳ್ತಿದೆ, ನೀನು ಕೆಳಗಡೆ ಚೆನ್ನಾಗಿರೋ ಪಿಲ್ಲರ್ ನೋಡ್ಕೊಂಡು ಕೂತಿದ್ದೀಯಲ್ಲ!’

ಅವರು ಕೇಳೋದರಲ್ಲಿ ತಪ್ಪಿಲ್ಲ. ಉತ್ತರ ರಿಪೋರ್ಟಿನಲ್ಲಿದೆ. ಬನ್ನಿ, ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗೋಣ.

ಮೊದಲ ಪುಟಗಳು: ಏನು ನೋಡಿಲ್ಲ?

ರಿಪೋರ್ಟಿನ ಶುರುವಿನಲ್ಲಿ ಕೆಲಸದ ವ್ಯಾಪ್ತಿ ಮತ್ತು ಮಿತಿ ಅಂತ ಒಂದು ಭಾಗ ಇರುತ್ತೆ. ಎಲ್ಲರೂ ದಾಟಿಸಿಕೊಂಡು ಹೋಗೋದು ಇದನ್ನೇ. ನೀವು ನಿಂತು ಓದಿ. ಎಷ್ಟು ಮನೆಯವರು ಬಾಗಿಲು ತೆರೆದರು, ಎಷ್ಟು ಕಡೆ ಫಾಲ್ಸ್ ಸೀಲಿಂಗ್ ಅಡ್ಡ ಬಂತು, ಪಾಯ ಅಗೆದು ನೋಡಿದ್ದಾರಾ ಇಲ್ವಾ, ಮೂಲ ನಕ್ಷೆ ಸಿಕ್ಕಿತಾ ಅನ್ನೋದೆಲ್ಲ ಇಲ್ಲಿರಬೇಕು.

ನಮ್ಮ ಉದಾಹರಣೆಯಲ್ಲಿ 12ರಲ್ಲಿ 7 ಮನೆ ಮಾತ್ರ ನೋಡೋಕೆ ಸಿಕ್ಕಿದೆ. ಎರಡಕ್ಕೆ ಬೀಗ, ಮೂರು ಮನೆಯವರು ಒಳಗೆ ಬಿಟ್ಟಿಲ್ಲ. ಅಂದಮೇಲೆ ‘ಕಟ್ಟಡದ ಸೀಲಿಂಗ್‌ಗಳಲ್ಲಿ ಒಂದೇ ಕಡೆ ತೊಂದರೆ ಇದೆ’ ಅನ್ನೋ ವಾಕ್ಯ ಮುಂದೆಲ್ಲೋ ಬಂದರೆ, ಅದು ಏಳು ಮನೆಯ ಮಾತು. ಉಳಿದ ಐದರ ಬಗ್ಗೆ ಅದು ಏನೂ ಹೇಳ್ತಿಲ್ಲ. ನೋಡದ ಮನೆಗಳ ನಂಬರನ್ನ ರಿಪೋರ್ಟ್ ಹೆಸರಿಸಿ ಹೇಳಿದ್ರೆ ಅದು ಪ್ರಾಮಾಣಿಕ ಕೆಲಸ. ಏನೂ ಹೇಳದೆ ಎಲ್ಲಾ ನೋಡಿದ ಹಾಗೆ ಬರೆದಿದ್ರೆ ಕೇಳಿ.

ಆಮೇಲೆ ಕಟ್ಟಡದ ಚರಿತ್ರೆ. ಯಾವ ವರ್ಷ ಕಟ್ಟಿದ್ದು, ಏನೇನು ಬದಲಾಯಿಸಿದ್ದಾರೆ, ಎಲ್ಲಿ ಗೋಡೆ ಒಡೆದಿದ್ದಾರೆ, ಎಲ್ಲಿ ಭಾರ ಸೇರಿಸಿದ್ದಾರೆ. ವರ್ಷ ಯಾಕೆ ಬೇಕು ಅಂದ್ರೆ, ಆ ಕಾಲದಲ್ಲಿ ಇಂಥ ಮನೆಗಳಿಗೆ ಎಂ15 ಅನ್ನೋ ದರ್ಜೆಯ ಕಾಂಕ್ರೀಟ್ ಹಾಕೋದು ಮಾಮೂಲಿ. ಕಬ್ಬಿಣ ಸೇರಿಸಿ ಹಾಕೋ ಕಾಂಕ್ರೀಟು ಕನಿಷ್ಠ ಎಂ20 ಇರಬೇಕು ಅಂತ ಆದದ್ದು ಐಎಸ್ 456ರ 2000ನೇ ಇಸವಿಯ ಆವೃತ್ತಿಯಲ್ಲಿ. ಹಾಗಾಗಿ 1988ರ ಕಟ್ಟಡವನ್ನ ಎಂ15 ಅಂತ ಹಿಡಿದು ನೋಡೋದು ನ್ಯಾಯ. ಈ ಸಂಖ್ಯೆ ಮುಂದೆ ಬರುತ್ತೆ. 2005ರ ಟೆರೇಸ್ ರೂಮೂ ಬರುತ್ತೆ.

ಫೋಟೋಗಳ ಅಧ್ಯಾಯ: ಹೆಸರಿಲ್ಲದ ಫೋಟೋ ಬರೀ ಫೋಟೋ

ಮೂರನೇ ಭಾಗ ಕಣ್ಣಳತೆಯ ಸಮೀಕ್ಷೆ. ಬಿರುಕು, ಸೋರಿಕೆ, ಉದುರಿದ ಕಾಂಕ್ರೀಟ್, ಎಲ್ಲದರ ಫೋಟೋ. ಇಲ್ಲೇ ಒಳ್ಳೇ ರಿಪೋರ್ಟಿಗೂ ಕಾಟಾಚಾರದ ರಿಪೋರ್ಟಿಗೂ ವ್ಯತ್ಯಾಸ ತಿಳಿಯುತ್ತೆ. ಒಳ್ಳೇದರಲ್ಲಿ ಪ್ರತಿ ಪಿಲ್ಲರಿಗೆ, ಬೀಮಿಗೆ, ಮೋಲ್ಡಿನ ಪ್ರತಿ ಅಂಕಣಕ್ಕೆ ಒಂದು ನಂಬರ್ ಇರುತ್ತೆ. ನಕ್ಷೆಯ ಮೇಲೆ ಆ ನಂಬರ್ ಗುರುತು ಮಾಡಿರ್ತಾರೆ. ಫೋಟೋ ಕೆಳಗೆ ‘ಸಿ7, ಪಾರ್ಕಿಂಗ್, ಸಂಪಿನ ಕಡೆಯ ಮುಖ’ ಅಂತ ಬರೆದಿರುತ್ತೆ. ಬರೀ ‘ಪಿಲ್ಲರಿನಲ್ಲಿ ಬಿರುಕು’ ಅಂತ ಬರೆದಿದ್ರೆ ಅದರಿಂದ ಯಾರಿಗೂ ಉಪಯೋಗ ಇಲ್ಲ, ಮುಂದಿನ ವರ್ಷ ಆ ಬಿರುಕು ದೊಡ್ಡದಾಗಿದೆಯಾ ಅಂತ ನೋಡೋಕೂ ಆಗಲ್ಲ.

ನಮ್ಮ ಕಟ್ಟಡದಲ್ಲಿ ಆಂಟಿ ಮನೆಯ ಬಾತ್‌ರೂಮ್ ಸೀಲಿಂಗ್ ಎಸ್12. ಸಂಪಿನ ಪಕ್ಕದ ಪಿಲ್ಲರ್ ಸಿ7. ಎಸ್12 ಫೋಟೋದಲ್ಲಿ ಭಯಾನಕವಾಗಿದೆ. ಸಿ7ರ ಫೋಟೋದಲ್ಲಿ ಹೊಸ ಪೇಂಟು, ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಒಂದೇ ಗೆರೆ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಹಾಗೆ. ಒಳಗಿನ ಉದ್ದದ ಕಂಬಿ ತುಕ್ಕು ಹಿಡಿದು ಊದಿಕೊಂಡರೆ ಕಾಂಕ್ರೀಟು ಸೀಳೋದು ಆ ಕಂಬಿಯ ದಾರಿಯಲ್ಲೇ. ಪ್ಲಾಸ್ಟರಿನ ಬಿರುಕು ಎಲ್ಲೆಂದರಲ್ಲಿ ಜೇಡರ ಬಲೆ ಥರ ಹರಡುತ್ತೆ. ಪಿಲ್ಲರಿನ ಮೂಲೆಗುಂಟ ನೇರ ಇಳಿದ ಗೆರೆಯನ್ನ ಹಾಗೆ ತಳ್ಳಿಹಾಕೋ ಹಾಗಿಲ್ಲ.

ಇಲ್ಲಿಂದ ಮುಂದೆ ನೀವು ಮಾಡಬೇಕಾದ್ದು ಒಂದೇ ಕೆಲಸ. ಫೋನಿನಲ್ಲಿ ಪಿಡಿಎಫ್ ತೆರೆದು ಸಿ7 ಅಂತ ಸರ್ಚ್ ಕೊಡಿ. ಆ ಹೆಸರು ಎಲ್ಲೆಲ್ಲಿ ಬರುತ್ತೋ ಅಲ್ಲಿಗೆಲ್ಲ ಹೋಗಿ.

ಪರೀಕ್ಷೆಗಳ ಅಧ್ಯಾಯ: ಸರಾಸರಿಯ ಹಿಂದೆ ಅಡಗಿದ್ದು

ಟೇಬಲ್‌ಗಳು ಶುರುವಾಗೋದು ಇಲ್ಲಿ. ಗಾಬರಿ ಬೇಡ. ನಾಲ್ಕು ಪರೀಕ್ಷೆ ಗೊತ್ತಿದ್ರೆ ಸಾಕು.

ಮೊದಲನೇದು ರಿಬೌಂಡ್ ಹ್ಯಾಮರ್. ಸ್ಪ್ರಿಂಗ್ ಇರೋ ಒಂದು ಸಲಕರಣೆಯನ್ನ ಕಾಂಕ್ರೀಟಿಗೆ ಒತ್ತಿದ್ರೆ ಒಳಗಿನ ತೂಕ ಬಡಿದು ಎಷ್ಟು ಹಿಂದಕ್ಕೆ ಪುಟಿಯುತ್ತೆ ಅಂತ ಅಳೀತಾರೆ. ಬೇಗ ಆಗುತ್ತೆ, ಅಗ್ಗ. ಆದರೆ ಅದಕ್ಕೆ ಗೊತ್ತಾಗೋದು ಮೇಲ್ಪದರದ ಗಟ್ಟಿತನ ಮಾತ್ರ. ಹಳೇ ಕಾಂಕ್ರೀಟಿನ ಹೊರಪದರ ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗಿರುತ್ತೆ, ಹಾಗಾಗಿ ಹ್ಯಾಮರ್ ಹೆಚ್ಚು ಅಂಕ ಕೊಟ್ಟುಬಿಡುತ್ತೆ. ನಮ್ಮ ಸಿ7ಗೆ ಹ್ಯಾಮರ್ ಕೊಟ್ಟದ್ದು 22. ಎಂ15 ಅಂದ್ರೆ 15 ಬೇಕಿತ್ತು, 22 ಬಂದಿದೆ, ಪಾಸು! ಬರೀ ಹ್ಯಾಮರ್ ಹಿಡಿದು ಮಾಡಿದ ರಿಪೋರ್ಟ್ ಆಗಿದ್ರೆ ಕತೆ ಇಲ್ಲಿಗೆ ಮುಗೀತಿತ್ತು.

ಎರಡನೇದು ಅಲ್ಟ್ರಾಸಾನಿಕ್ ಪರೀಕ್ಷೆ. ಪಿಲ್ಲರಿನ ಒಂದು ಮುಖದಿಂದ ಶಬ್ದದ ಅಲೆ ಕಳಿಸಿ ಇನ್ನೊಂದು ಮುಖದಲ್ಲಿ ಹಿಡೀತಾರೆ. ಒಳಗೆ ಟೊಳ್ಳು ಇದ್ರೆ ಅಲೆ ಸುತ್ತಿ ಬರಬೇಕು, ತಡವಾಗುತ್ತೆ. ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ಹೆಚ್ಚು ಬಂದರೆ ಒಳ್ಳೇ ಲಕ್ಷಣ. ಬೇರೆ ಪಿಲ್ಲರ್‌ಗಳು 3.6, 3.8 ಅಂತಿವೆ. ಸಿ7 ಮಾತ್ರ 2.8. ಹ್ಯಾಮರ್ ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ. ಎರಡು ಪರೀಕ್ಷೆ ಜಗಳ ಆಡಿದ ಕಡೆಯೇ ಎಂಜಿನಿಯರ್ ಮೂರನೇದನ್ನ ಮಾಡಬೇಕು.

ಮೂರನೇದು ಕೋರ್. ಕಂಬಿ ಎಲ್ಲಿದೆ ಅಂತ ಮೊದಲು ಮೀಟರ್ ಹಿಡಿದು ಗುರುತಿಸಿ, ಅದಕ್ಕೆ ತಾಗದ ಹಾಗೆ ಕಾಂಕ್ರೀಟಿನ ಒಂದು ಉರುಳೆಯನ್ನ ಕೊರೆದು ತೆಗೆದು ಲ್ಯಾಬಿನಲ್ಲಿ ಒತ್ತಿ ಒಡೀತಾರೆ. ಇಲ್ಲಿ ಮೂರು ಕೋರ್ ತೆಗೆದಿದ್ದಾರೆ. ಫಲಿತಾಂಶ 16, 14.5, 10.5. ಸರಾಸರಿ 13.7.

ಈಗ ನಿಯಮ. ಐಎಸ್ 456 ಪ್ರಕಾರ ಕೋರ್‌ಗಳ ಸರಾಸರಿ, ಇರಬೇಕಾದ ದರ್ಜೆಯ ಶೇಕಡ 85ಕ್ಕೆ ಕಡಿಮೆ ಇರಬಾರದು, ಜೊತೆಗೆ ಯಾವ ಒಂದು ಕೋರೂ ಶೇಕಡ 75ಕ್ಕಿಂತ ಕೆಳಗೆ ಹೋಗಬಾರದು. ಇದು ಹೊಸ ಕಾಂಕ್ರೀಟನ್ನ ಒಪ್ಪಿಕೊಳ್ಳೋಕೆ ಮಾಡಿದ ನಿಯಮ, ಹಳೇ ಕಟ್ಟಡಗಳ ರಿಪೋರ್ಟಿನಲ್ಲೂ ಇದನ್ನೇ ಅಳತೆಗೋಲಾಗಿ ಇಟ್ಕೊಳ್ತಾರೆ. ಎಂ15ಕ್ಕೆ ಸರಾಸರಿ 12.75 ಬೇಕು, ನಮ್ಮದು 13.7, ಪಾಸು. ಒಂದೊಂದೂ 11.25 ದಾಟಬೇಕು. 10.5 ದಾಟಲಿಲ್ಲ. ಆ 10.5 ಯಾವುದು? ಸಿ7.

ರಿಪೋರ್ಟಿನ ಸಾರಾಂಶದಲ್ಲಿ ‘ಕೋರ್ ಸರಾಸರಿ ತೃಪ್ತಿಕರ’ ಅಂತ ಬರೆದಿದ್ರೆ ಆ ವಾಕ್ಯ ಸುಳ್ಳಲ್ಲ. ಆದರೆ ಪಿಲ್ಲರ್‌ಗಳು ಸರಾಸರಿಯಲ್ಲಿ ಭಾರ ಹೊರೋದಿಲ್ಲ. ಸಿ7 ಮೇಲಿನ ಭಾರವನ್ನ ಸಿ7ನೇ ಹೊರಬೇಕು.

ಗುಲಾಬಿ ಬಣ್ಣ ಹೇಳೋ ವಯಸ್ಸು

ನಾಲ್ಕನೇ ಪರೀಕ್ಷೆ ನನಗೆ ಬಹಳ ಇಷ್ಟ. ಕಬ್ಬಿಣ ಕಾಂಕ್ರೀಟಿನೊಳಗೆ ತುಕ್ಕು ಹಿಡಿಯದೇ ಇರೋದು ಕಾಂಕ್ರೀಟು ಕ್ಷಾರ ಆಗಿರೋದರಿಂದ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪ ಒಳಗಿಳಿದು ಆ ಕ್ಷಾರವನ್ನ ಕೊಲ್ಲುತ್ತೆ. ಇದಕ್ಕೆ ಕಾರ್ಬೊನೇಷನ್ ಅಂತಾರೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿದ್ರೆ, ಕ್ಷಾರ ಉಳಿದಿರೋ ಭಾಗ ಗುಲಾಬಿ ಆಗುತ್ತೆ, ಹೋಗಿರೋ ಭಾಗ ಬಣ್ಣ ಬದಲಾಯಿಸಲ್ಲ. ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡುವಾಗ ಹಾಕ್ತಿದ್ರಲ್ಲ, ಅದೇ.

ನಮ್ಮ ಕಟ್ಟಡದಲ್ಲಿ ಬಣ್ಣ ಬರದ ಪದರ 24 ಮಿ.ಮೀ. ಇದು ವರ್ಷಗಳ ವರ್ಗಮೂಲದ ಲೆಕ್ಕದಲ್ಲಿ ಒಳಗೆ ಹೋಗುತ್ತೆ. 36ರ ವರ್ಗಮೂಲ 6. 24ನ್ನ 6ರಿಂದ ಭಾಗಿಸಿದ್ರೆ 4. ಅಂದ್ರೆ ಈ ಕಾಂಕ್ರೀಟಿನ ವೇಗ ‘4 ಗುಣಿಸು ವರ್ಷದ ವರ್ಗಮೂಲ’.

ಈಗ ಹಿಂದಕ್ಕೆ ಹೋಗೋಣ. ಮೋಲ್ಡಿನ ಕೆಳಮುಖದಲ್ಲಿ ಕಂಬಿಯ ಮೇಲೆ ಇರೋ ಕಾಂಕ್ರೀಟ್ ಹೊದಿಕೆ 15 ಮಿ.ಮೀ. 15ನ್ನ 4ರಿಂದ ಭಾಗಿಸಿ ವರ್ಗ ಮಾಡಿದ್ರೆ 14 ವರ್ಷ. ಅಂದ್ರೆ 2002ರ ಹೊತ್ತಿಗೇ ಮೋಲ್ಡಿನ ಕಂಬಿಗಳ ರಕ್ಷಣೆ ಹೋಗಿದೆ. ಆದರೂ ಹಾಲ್, ಬೆಡ್‌ರೂಮಿನ ಸೀಲಿಂಗ್ ಚೆನ್ನಾಗೇ ಇವೆ. ಯಾಕೆ? ರಕ್ಷಣೆ ಹೋದರೆ ಸಾಲದು, ತುಕ್ಕು ಹಿಡಿಯೋಕೆ ನೀರೂ ಬೇಕು. ಎಸ್12ರ ಮೇಲೆ ಮೂರನೇ ಮಹಡಿಯವರ ಬಾತ್‌ರೂಮ್ ಇದೆ. ಅಲ್ಲಿ ಪೈಪ್ ಹಾಕೋಕೆ ಮೋಲ್ಡನ್ನ ತಗ್ಗಿಸಿ, ಇಟ್ಟಿಗೆ ಚೂರು ತುಂಬಿರ್ತಾರೆ. ಎಲ್ಲೋ ಒಂದು ಜಾಯಿಂಟ್ ಸೋರಿದ್ರೆ ಆ ತುಂಬಿದ ಜಾಗ ಸದಾ ಒದ್ದೆ. ನೀರು ಸಿಕ್ತು, ತುಕ್ಕು ಬಂತು. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತೆ, ಕಾಂಕ್ರೀಟನ್ನ ತಳ್ಳಿ ಉದುರಿಸುತ್ತೆ.

ಸಿ7ಕ್ಕೆ ಬನ್ನಿ. ಪಿಲ್ಲರ್ ಹೊದಿಕೆ 40 ಮಿ.ಮೀ. ಇರಬೇಕಿತ್ತು, ಸೆಂಟ್ರಿಂಗ್‌ನಲ್ಲಿ ಕಂಬಿ ಪಂಜರ ಒಂದು ಪಕ್ಕಕ್ಕೆ ವಾಲಿ ಸಂಪಿನ ಕಡೆ 25 ಆಗಿದೆ. 25ನ್ನ 4ರಿಂದ ಭಾಗಿಸಿ ವರ್ಗ ಮಾಡಿದ್ರೆ 39 ವರ್ಷ. ಕಟ್ಟಡಕ್ಕೆ 36. ಹಾಗಾದ್ರೆ ಇನ್ನೂ ಮೂರು ವರ್ಷ ಇದೆ ಅನ್ನಬಹುದು. ಆದರೆ ಸಿ7ರ ಒಳಗೆ ಟೊಳ್ಳು ಇದೆ ಅಂತ ಅಲ್ಟ್ರಾಸಾನಿಕ್ ಹೇಳಿತ್ತಲ್ಲ. ಟೊಳ್ಳು ಇರೋ ಕಡೆ ಗಾಳಿಯೂ ನೀರೂ ಈ ಲೆಕ್ಕಕ್ಕೆ ಕಾಯಲ್ಲ. ಪಕ್ಕದಲ್ಲೇ ಸಂಪು, ತೇವಕ್ಕೆ ಬರ ಇಲ್ಲ. ಎಂಜಿನಿಯರ್ ಆ ಮೂಲೆಯಲ್ಲಿ ಹೊದಿಕೆ ಕೆತ್ತಿ, ತುಕ್ಕು ಉಜ್ಜಿ ತೆಗೆದು, ಕ್ಯಾಲಿಪರ್ ಹಿಡಿದು ಅಳೆದಾಗ 16 ಮಿ.ಮೀ. ಕಂಬಿ 14 ಆಗಿದೆ.

16 ಹೋಗಿ 14 ಆದರೆ ಎಂಟನೇ ಒಂದು ಭಾಗ ಹೋಯ್ತು ಅನ್ಸುತ್ತೆ. ಆದರೆ ಭಾರ ಹೊರೋದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ, ಅದು ವ್ಯಾಸದ ವರ್ಗದ ಲೆಕ್ಕ. ಹಾಗೆ ನೋಡಿದ್ರೆ ಹೋಗಿರೋದು ಶೇಕಡ 23.

ಲೆಕ್ಕದ ಅಧ್ಯಾಯ: ಹೊರುವ ಶಕ್ತಿ, ಹೊತ್ತಿರುವ ಭಾರ

ಎಷ್ಟೋ ರಿಪೋರ್ಟುಗಳು ಪರೀಕ್ಷೆಯಿಂದ ನೇರ ಸಲಹೆಗೆ ಹಾರಿಬಿಡ್ತವೆ. ನಡುವೆ ಇರಬೇಕಾದ ಲೆಕ್ಕದ ಅಧ್ಯಾಯವೇ ಇರಲ್ಲ. ಸರ್ಫ್‌ಸೈಡ್ ಮಾತು ನೆನಪಿದೆಯಲ್ಲ? ಈ ಅಧ್ಯಾಯ ಇಲ್ಲದ ರಿಪೋರ್ಟಿನಿಂದ ‘ಕಟ್ಟಡ ಸುರಕ್ಷಿತ’ ಅನ್ನೋ ಮಾತನ್ನ ತಗೋಬೇಡಿ.

ಸಿ7ರ ಲೆಕ್ಕ ಮಾಡೋಣ. ಪಿಲ್ಲರಿನ ಅಳತೆ 230 ಕ್ಕೆ 380 ಮಿ.ಮೀ., ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಒಂಬತ್ತು–ಹದಿನೈದು. ಒಳಗೆ ಆರು ಕಂಬಿ. 1988ರಲ್ಲಿ ನಕ್ಷೆಯ ಪ್ರಕಾರ ಇದ್ದಿದ್ರೆ, ಐಎಸ್ 456ರ ಸೂತ್ರದಲ್ಲಿ ಇದು ಸುರಕ್ಷಿತವಾಗಿ ಹೊರಬಹುದಾದ ಭಾರ ಸುಮಾರು 58 ಟನ್. ಅದರ ಮೇಲಿನ ನಾಲ್ಕು ಮೋಲ್ಡು, ಗೋಡೆ, ಜನ, ಸಾಮಾನು ಸೇರಿ ಬರೋ ಭಾರ ಸುಮಾರು 47 ಟನ್. ಆರಾಮಾಗಿತ್ತು.

2005ರಲ್ಲಿ ಟೆರೇಸ್ ರೂಮು, ಟ್ಯಾಂಕು ಬಂತು. ಅದರಲ್ಲಿ ಈ ಪಿಲ್ಲರಿನ ಪಾಲು 5 ಟನ್. 52 ಆಯ್ತು. ಕಾಗದದ ಮೇಲೆ ಇನ್ನೂ 58ರ ಒಳಗೇ ಇದೆ. ಆಗ ಯಾರಾದ್ರೂ ಲೆಕ್ಕ ಹಾಕಿದ್ರೂ ‘ಪರವಾಗಿಲ್ಲ’ ಅಂತಿದ್ರು.

ಈಗ ಅಳೆದ ಅಂಕಿ ಹಾಕಿ. ಕಾಂಕ್ರೀಟ್ 15ರ ಬದಲು 10.5, ಕಬ್ಬಿಣ ಎಲ್ಲಾ ಕಂಬಿಯಲ್ಲೂ ಶೇಕಡ 23 ಹೋಗಿದೆ ಅಂತ ಹಿಡೀರಿ. ಸುರಕ್ಷಿತ ಸಾಮರ್ಥ್ಯ ಸುಮಾರು 42 ಟನ್ನಿಗೆ ಇಳಿಯುತ್ತೆ. ಹೊತ್ತಿರೋದು 52.

‘ಹಾಗಾದ್ರೆ ಯಾಕೆ ಬಿದ್ದಿಲ್ಲ?’ ಅಂತ ಕೇಳ್ತೀರಿ. ಎಲ್ಲರೂ ಕೇಳ್ತಾರೆ. ಸುರಕ್ಷಿತ ಸಾಮರ್ಥ್ಯ ಅಂದ್ರೆ ಒಡೆಯೋ ಭಾರವನ್ನ ಒಂದೂವರೆಯಿಂದ ಭಾಗಿಸಿದ್ದು. 42 ಅಂದ್ರೆ ಲೆಕ್ಕದ ಪ್ರಕಾರ 63ರ ಹತ್ತಿರ ಅಪಾಯ. ಹೊಸದಾಗಿದ್ದಾಗ 47 ಟನ್ ಭಾರಕ್ಕೆ 87ರಷ್ಟು ಅಂತರ ಇತ್ತು. ಈಗ 52ಕ್ಕೆ 63. ಕಟ್ಟಡ ನಿಂತಿರೋದು ತನ್ನ ಉಳಿತಾಯದ ಹಣ ತಿಂದುಕೊಂಡು. ತುಕ್ಕು ಪ್ರತಿ ಮಳೆಗಾಲದಲ್ಲೂ ಅದರಿಂದ ಇನ್ನಷ್ಟು ತೆಗೀತಿದೆ.

ಆಂಟಿಯ ಪ್ರಶ್ನೆಗೂ ಇಲ್ಲೇ ಉತ್ತರ. ಎಸ್12ರ ಚೂರು ತಲೆ ಮೇಲೆ ಬಿದ್ದರೆ ಪೆಟ್ಟಾಗುತ್ತೆ, ಅದು ನಿಜ, ಆ ಬಾತ್‌ರೂಮನ್ನ ಇವತ್ತೇ ಮುಚ್ಚಬೇಕು. ಆದರೆ ಅದು ಸೋತರೆ ಹೋಗೋದು ಒಂದು ಬಾತ್‌ರೂಮಿನ ಸೀಲಿಂಗ್. ಸಿ7 ಸೋತರೆ ಅದರ ಮೇಲಿರೋ ಮೂರೂ ಮಹಡಿಯ ಭಾರ ಪಕ್ಕದ ಪಿಲ್ಲರ್‌ಗಳ ಮೇಲೆ ಒಮ್ಮೆಗೇ ಬೀಳುತ್ತೆ. ಪಾರ್ಕಿಂಗ್ ಮಹಡಿಯಲ್ಲಿ ಹಂಚಿಕೊಳ್ಳೋಕೆ ಗೋಡೆಗಳೂ ಇಲ್ಲ.

ಕೊನೇ ಅಧ್ಯಾಯ: ಖರ್ಚಿಗಿಂತ ಮೊದಲು ಗಡುವು

ಸಲಹೆಗಳ ಟೇಬಲಿನಲ್ಲಿ ಮೊದಲು ನೋಡಬೇಕಾದ ಕಾಲಂ ಗಡುವು. ಈಗಲೇ ಮಾಡಬೇಕಾದ್ದು, ಕೆಲವು ತಿಂಗಳಲ್ಲಿ ಮಾಡಬೇಕಾದ್ದು, ನಿಗಾ ಇಡಬೇಕಾದ್ದು, ಹೀಗೆ ಬೇರೆ ಬೇರೆ ಇರಬೇಕು. ಎಲ್ಲಾ ಒಂದೇ ಪಟ್ಟಿಯಲ್ಲಿ, ಪೇಂಟಿಂಗ್ ಜೊತೆ ಪಿಲ್ಲರೂ ಇದ್ರೆ, ಸರ್ಫ್‌ಸೈಡ್ ಥರ ದೊಡ್ಡ ಸುದ್ದಿ ಸಣ್ಣದರಲ್ಲಿ ಮುಳುಗಿದೆ ಅಂತ ಅರ್ಥ. ಎಂಜಿನಿಯರನ್ನ ಕರೆದು ಬೇರ್ಪಡಿಸಿ ಬರೆಸಿಕೊಳ್ಳಿ.

ಸಿ7ಕ್ಕೆ ಏನು ಬರೆದಿರಬೇಕು? ಮೊದಲು ಇದೇ ವಾರ ಟ್ಯಾಂಕ್ ಖಾಲಿ ಮಾಡಿ ಬೇರೆ ಕಡೆಗೆ ಸಾಗಿಸಬೇಕು, ಟೆರೇಸ್ ರೂಮು ಖಾಲಿ ಮಾಡಿ ಇಳಿಸಬೇಕು. ಅಷ್ಟರಿಂದ 52 ಇದ್ದದ್ದು 47 ಆಗುತ್ತೆ. 42ಕ್ಕಿಂತ ಇನ್ನೂ ಹೆಚ್ಚೇ. ಹಾಗಾಗಿ ಪಿಲ್ಲರಿನ ಸುತ್ತ ಸ್ಟೀಲ್ ಪ್ರಾಪ್‌ಗಳನ್ನ ಕೊಟ್ಟು ಭಾರ ಅವುಗಳ ಮೇಲೆ ತಗೋಬೇಕು. ಆಮೇಲೆ ಜಾಕೆಟಿಂಗ್, ಅಂದ್ರೆ ಹಳೇ ಪಿಲ್ಲರಿನ ಸುತ್ತ ಹೊಸ ಕಂಬಿ ಕಟ್ಟಿ ಹೊಸ ಕಾಂಕ್ರೀಟ್ ಸುರಿಯೋದು.

ಇಲ್ಲಿ ಕ್ರಮ ತಪ್ಪಿದ್ರೆ ದುಡ್ಡು ದಂಡ. ಪ್ರಾಪ್ ಕೊಡದೆ ಜಾಕೆಟ್ ಹಾಕಿದ್ರೆ ಹಳೇ ಪಿಲ್ಲರ್ ತನ್ನ ಪೂರ್ತಿ ಭಾರ ಹೊತ್ತುಕೊಂಡೇ ಇರುತ್ತೆ, ಹೊಸ ಜಾಕೆಟ್ ಸುಮ್ನೆ ಪಕ್ಕದಲ್ಲಿ ನಿಂತಿರುತ್ತೆ. ಜಾಕೆಟ್ ಪಾಯದವರೆಗೂ ಇಳಿಯಬೇಕು, ಅದಕ್ಕೆ ಅಗೆದು ಫೂಟಿಂಗ್ ನೋಡಲೇಬೇಕು. ರಿಪೋರ್ಟ್ ಪಾಯ ನೋಡಿಲ್ಲ ಅಂತ ಮೊದಲ ಪುಟದಲ್ಲೇ ಹೇಳಿದ್ರೆ, ಕೊನೇ ಪುಟದ ಸಲಹೆಯಲ್ಲಿ ‘ಅಗೆದು ಪರೀಕ್ಷಿಸಬೇಕು’ ಅನ್ನೋ ಸಾಲು ಇದೆಯಾ ಅಂತ ತಾಳೆ ನೋಡಿ.

ಇನ್ನೊಂದು ಜಗಳ ಇದೆ. ಹಳೇ ಕಟ್ಟಡಗಳನ್ನ ಬಲಪಡಿಸೋ ಭಾರತೀಯ ಮಾನಕ ಐಎಸ್ 15988 ಜಾಕೆಟ್ ಕನಿಷ್ಠ 100 ಮಿ.ಮೀ. ದಪ್ಪ ಇರಬೇಕು ಅನ್ನುತ್ತೆ. ಸುತ್ತಲೂ ಅಷ್ಟು ಸೇರಿದ್ರೆ 230 ಇದ್ದ ಪಿಲ್ಲರ್ 430 ಆಗುತ್ತೆ. ಪಾರ್ಕಿಂಗಿನಲ್ಲಿ ಯಾರದೋ ಕಾರಿನ ಜಾಗ ಇಕ್ಕಟ್ಟಾಗುತ್ತೆ. 12 ಮನೆಯ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಮಾತು ನಡೆಯೋದು 52–42ರ ಬಗ್ಗೆ ಅಲ್ಲ, ಈ ಕಾರಿನ ಬಗ್ಗೆ. ‘ಜಾಕೆಟ್ ಸ್ವಲ್ಪ ತೆಳ್ಳಗೆ ಮಾಡಿ ಸಾರ್’ ಅಂತ ಒತ್ತಡ ಬರುತ್ತೆ. ಜಾಗ ನಿಜವಾಗ್ಲೂ ಇಲ್ಲದಿದ್ರೆ ಸ್ಟೀಲ್ ಆಂಗಲ್‌ಗಳಿಂದ ಬಿಗಿಯೋ ವಿಧಾನ ಇದೆ, ಆದರೆ ಅದನ್ನ ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು, ಮೀಟಿಂಗಿನಲ್ಲಿ ಕೈ ಎತ್ತಿ ತೀರ್ಮಾನ ಮಾಡೋದಲ್ಲ.

ಎಸ್12ಕ್ಕೆ? ಮೊದಲು ಮೇಲಿನ ಮನೆಯ ಬಾತ್‌ರೂಮ್ ಒಡೆದು ಸೋರಿಕೆ ನಿಲ್ಲಿಸಬೇಕು. ಆಮೇಲೆ ಕೆಳಗಿನ ಸಡಿಲ ಕಾಂಕ್ರೀಟ್ ತೆಗೆದು, ಕಂಬಿಯ ಹಿಂಬದಿಯ ತುಕ್ಕೂ ಉಜ್ಜಿ, ತೆಳ್ಳಗಾದ ಕಡೆ ಹೊಸ ಕಂಬಿ ಸೇರಿಸಿ, ರಿಪೇರಿ ಗಾರೆ ತುಂಬಬೇಕು. ಸೋರಿಕೆ ಬಿಟ್ಟು ಕೆಳಗಡೆ ಮಾತ್ರ ಪ್ಲಾಸ್ಟರ್ ಬಳಿದ್ರೆ ಎರಡು ಮಳೆಗಾಲದಲ್ಲಿ ಮತ್ತೆ ಉದುರುತ್ತೆ. ಇದಕ್ಕೆ ಮೇಲಿನ ಮನೆಯವರು ಒಪ್ಪಬೇಕು. ಅವರ ಮನೆಯಲ್ಲಿ ಏನೂ ಕಾಣ್ತಿಲ್ಲ. ರಿಪೋರ್ಟಿನಲ್ಲಿ ಎಸ್12ರ ಕಾರಣ ಅಂತ ಅವರ ಬಾತ್‌ರೂಮಿನ ಹೆಸರು ಸ್ಪಷ್ಟವಾಗಿ ಇದ್ರೆ ಮಾತಾಡೋದು ಸುಲಭ.

ಇಷ್ಟೇ ಇವತ್ತಿನ ಮಾತು. ಒಂದು ನಂಬರ್ ಹಿಡ್ಕೊಂಡು ಹೋದ್ವಿ. ಸಿ7 ಫೋಟೋದಲ್ಲಿ ಒಂದು ಗೆರೆ, ಅಲ್ಟ್ರಾಸಾನಿಕ್‌ನಲ್ಲಿ 2.8, ಕೋರ್‌ನಲ್ಲಿ 10.5, ಕಂಬಿಯಲ್ಲಿ 14, ಲೆಕ್ಕದಲ್ಲಿ 52ಕ್ಕೆ 42, ಸಲಹೆಯಲ್ಲಿ ‘ಈಗಲೇ’. ಈ ಸರಪಳಿ ಎಲ್ಲೂ ಕಡೀಬಾರದು. ನಿಮ್ಮ ಕಟ್ಟಡದ ರಿಪೋರ್ಟಿನಲ್ಲಿ ಕೆಟ್ಟ ಪರೀಕ್ಷಾ ಫಲಿತಾಂಶ ಬಂದ ಒಂದು ಪಿಲ್ಲರ್ ಸಲಹೆಯ ಟೇಬಲಿನಲ್ಲಿ ಕಾಣದೇ ಹೋದರೆ, ಅಥವಾ ಸಲಹೆಯಲ್ಲಿರೋ ಪಿಲ್ಲರಿಗೆ ಯಾವ ಪರೀಕ್ಷೆಯೂ ನಡೆದಿಲ್ಲ ಅಂದ್ರೆ, ಅದನ್ನ ಗ್ರೂಪಿನಲ್ಲಿ ಕೇಳಿ. ಎಂಜಿನಿಯರಿಗೆ ಫೋನ್ ಮಾಡಿ ಕೇಳಿ. ಸರಿಯಾಗಿ ಕೆಲಸ ಮಾಡಿದವರು ಐದು ನಿಮಿಷದಲ್ಲಿ ಪುಟದ ನಂಬರ್ ಸಮೇತ ಉತ್ತರ ಕೊಡ್ತಾರೆ.

ಬಿಟಿಎಂ ಕಡೆ ಪಿಜಿಯಲ್ಲಿ, ಬಾಡಿಗೆ ಮನೆಯಲ್ಲಿ ಇರೋರಿಗೆ ರಿಪೋರ್ಟ್ ಸಿಗೋದು ಕಷ್ಟ ಅಂತ ನನಗೂ ಗೊತ್ತು. ಆದರೆ ಪಾರ್ಕಿಂಗಿಗೆ ಇಳಿದು ಪಿಲ್ಲರ್‌ಗಳ ಮೂಲೆ ನೋಡೋಕೆ ಯಾರ ಪರ್ಮಿಷನ್ನೂ ಬೇಡ. ಮೂಲೆಗುಂಟ ನೇರ ಗೆರೆ ಕಂಡರೆ ಫೋಟೋ ತೆಗೆದು ಓನರಿಗೆ ಕಳಿಸಿ, ತಾರೀಖು ಬರೆದಿಡಿ.